ಪ್ಲಾನ್‌ನಲ್ಲಿ 24 ಟೇಬಲ್ ಕೂತಿವೆ, ಹಾಲ್‌ನಲ್ಲಿ 20 ಮಾತ್ರ: ತಪ್ಪು ಎಲ್ಲಿ?

ನೇಸರ
ಗ್ರಾಹಕರಿಗೆ ಕೊಡಬೇಕಾದ ಪ್ರಪೋಸಲ್ ಡೆಕ್ ಪವರ್‌ಪಾಯಿಂಟ್‌ನಲ್ಲಿ ಮಾಡಿದ್ದೇನೆ. ಹಾಲ್‌ನ ಒಳಅಳತೆ 24 ಮೀ × 15 ಮೀ. ಒಂದು ತುದಿಯಲ್ಲಿ ಸ್ಟೇಜ್‌ಗೆ 4 ಮೀ, ಅದರ ಮುಂದೆ ಖಾಲಿ 2 ಮೀ. ಹತ್ತು ಜನ ಕೂರುವ 1.8 ಮೀ ದುಂಡು ಟೇಬಲ್, ಅಂಚಿನಿಂದ ಅಂಚಿಗೆ 1.5 ಮೀ ಬಿಟ್ಟು, ಗೋಡೆ ಪಕ್ಕದಲ್ಲೂ ಅಷ್ಟೇ ಬಿಟ್ಟು ಹಾಕಿದರೆ ಸ್ಲೈಡ್‌ನಲ್ಲಿ 24 ಟೇಬಲ್ ಸರಾಗವಾಗಿ ಕೂರುತ್ತವೆ. ಹಾಲ್‌ನವರು ಮಾತ್ರ 20ಕ್ಕಿಂತ ಹೆಚ್ಚು ಹಾಕಲು ಆಗುವುದಿಲ್ಲ ಅನ್ನುತ್ತಾರೆ. ಮೂರೂ ಪ್ಯಾಕೇಜ್‌ಗಳ ದರವನ್ನು 240 ಜನರ ಲೆಕ್ಕದಲ್ಲೇ ಕಟ್ಟಿದ್ದೇನೆ.

ಕಿಟಕಿಬೆಳಕು
ನನಗೂ ಹೀಗೇ ಆಗಿತ್ತು, ಗ್ರಾಹಕರು ಫೋಟೋ ಮಸುಕಾಗಿದೆ ಅಂದರು. File > Options > Advanced ಒಳಗೆ "Do not compress images in file" ಟಿಕ್ ಮಾಡಿ, ಫೋಟೋಗಳನ್ನು ಮತ್ತೆ ಸೇರಿಸಿ.

ಅಳತೆಪಟ್ಟಿ
ಅವರು ಕೇಳಿದ್ದು ಅದಲ್ಲ. ನೇಸರ ಅವರೇ, ಪ್ಲಾನ್‌ನಲ್ಲಿರುವ ಕಂಬಗಳನ್ನೊಮ್ಮೆ ನೋಡಿ. ಚೌಕ ಕಂಬ ಉದ್ದವಾಗಿ ಕಾಣುತ್ತಿದೆಯಾ? ಬಾಗಿಲು ತೆರೆಯುವ ಕಾಲುವೃತ್ತ ಚಪ್ಪಟೆಯಾಗಿದೆಯಾ? ಹಾಗಿದ್ದರೆ ಸ್ಲೈಡ್ ತುಂಬಲಿ ಅಂತ ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದೀರಿ. Format Picture > Size ನಲ್ಲಿ ಅಗಲ, ಎತ್ತರ ಎಷ್ಟಿದೆ ಹೇಳಿ.

ನೇಸರ
ಹೌದು, ಕಂಬಗಳು ಉದ್ದವಾಗಿವೆ! ಅಗಲ 30 ಸೆಂ.ಮೀ, ಎತ್ತರ 15 ಸೆಂ.ಮೀ. ಟೇಬಲ್‌ಗಳನ್ನು ಆಮೇಲೆ 1.8 ಸೆಂ.ಮೀ ವೃತ್ತವಾಗಿ ಮೇಲೆ ಇಟ್ಟೆ.

ಅಳತೆಪಟ್ಟಿ
ಅಲ್ಲೇ ಇದೆ ತಪ್ಪು. 1 ಸೆಂ.ಮೀ = 1 ಮೀ ಅಂತ ಹಿಡಿದರೆ ಚಿತ್ರ 24 × 15 ಇರಬೇಕಿತ್ತು. ಹಾಲ್ ಅಡ್ಡಕ್ಕೆ ಕಾಲು ಭಾಗ ಹಿಗ್ಗಿದೆ, ಟೇಬಲ್ ಹಿಗ್ಗಿಲ್ಲ. ಸ್ಟೇಜ್, ಅದರ ಮುಂದಿನ ಜಾಗ ಎರಡೂ ಹಿಗ್ಗಿದ ಮೇಲೂ 22.5 ಸೆಂ.ಮೀ ಉಳಿಯುತ್ತದೆ. ಒಂದು ಟೇಬಲ್ ಮತ್ತು ಒಂದು ಸಂದಿಗೆ 3.3 ಸೆಂ.ಮೀ, ಹಾಗಾಗಿ ಆರು ಸಾಲು ಬಂತು. ನಿಜವಾದ ಹಾಲ್‌ನಲ್ಲಿ ಉಳಿಯುವುದು 18 ಮೀ, ಅದರಲ್ಲಿ ಐದೇ ಸಾಲು. 15 ಮೀ ಅಗಲಕ್ಕೆ ನಾಲ್ಕು ಟೇಬಲ್. ಐದು ನಾಲ್ಕಲ ಇಪ್ಪತ್ತು, ಹಾಲ್‌ನವರ ಮಾತು ಸರಿ.

ಸರಿಪಡಿಸುವಾಗ ಮೊದಲು ಚಿತ್ರದ ಮೇಲೆ Reset Picture & Size ಕೊಡಿ. ಸುತ್ತಲಿನ ಬಿಳಿ ಅಂಚನ್ನು ಗೋಡೆಯ ಒಳಗೆರೆವರೆಗೂ ಕ್ರಾಪ್ ಮಾಡಿ. ಇದನ್ನು ಬಿಟ್ಟರೆ ಬಿಳಿ ಅಂಚೂ ಹಾಲ್‌ನ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ Lock aspect ratio ಟಿಕ್ ಇಟ್ಟು ಅಗಲ 24 ಸೆಂ.ಮೀ ಹಾಕಿ. ಎತ್ತರ ತಾನಾಗಿ 15ಕ್ಕೆ ಬಂದರೆ ಮೂಲ ಪ್ಲಾನ್ ಸರಿಯಿದೆ. ಬರದಿದ್ದರೆ ಕ್ರಾಪ್ ತಪ್ಪಿದೆ, ಇಲ್ಲವೇ ನಿಮಗೆ ಸಿಕ್ಕ ಪ್ಲಾನೇ ಹಿಗ್ಗಿದೆ.

"1:100" ಅಂತ ಬರೆಯಬೇಡಿ. ಪ್ರಿಂಟ್‌ನಲ್ಲಿ, ಪರದೆಯ ಮೇಲೆ ಆ ಮಾತು ಸುಳ್ಳಾಗುತ್ತದೆ. 5 ಸೆಂ.ಮೀ ಗೆರೆ ಎಳೆದು "5 ಮೀ" ಅಂತ ಬರೆದು, ಪ್ಲಾನ್, ಟೇಬಲ್‌ಗಳ ಜೊತೆ ಸೇರಿಸಿ Ctrl+G ಒತ್ತಿ.

ಮೂರನೇಸಾಲು
ಇಷ್ಟೆಲ್ಲ ಯಾಕೆ? ಸಂದಿ 1.2 ಮೀ ಮಾಡಿದರೆ 18 ಮೀಟರಿನಲ್ಲಿ ಆರು ಸಾಲು ಸರಿಯಾಗಿ ಹಿಡಿಯುತ್ತದೆ.

ಅಳತೆಪಟ್ಟಿ
ಲೆಕ್ಕ ಸರಿ. ಆದರೆ ಜನ ಕೂತ ಕುರ್ಚಿ ಟೇಬಲ್ ಅಂಚಿನಿಂದ ಸುಮಾರು ಅರ್ಧ ಮೀಟರ್ ಹಿಂದಕ್ಕೆ ಬರುತ್ತದೆ. ಎರಡೂ ಕಡೆಯಿಂದ ಬಂದರೆ 1.2ರಲ್ಲಿ ಉಳಿಯುವುದು 20 ಸೆಂ.ಮೀ. ಟ್ರೇ ಹಿಡಿದವರು ಅದರಲ್ಲಿ ಹೇಗೆ ನುಸುಳುತ್ತಾರೆ? ನನ್ನ ಪ್ರಕಾರ 1.5 ಕೂಡ ಬಿಗಿಯೇ.

ಇನ್ನು ದರಕ್ಕೆ ಬನ್ನಿ, ದುಡ್ಡು ಹೋಗುವುದು ಅಲ್ಲೇ. ಉದಾಹರಣೆಗೆ ಹಾಲ್ ಬಾಡಿಗೆ 6,000, ತಲೆಗೆ ಊಟ 50 ಅಂತಿಟ್ಟುಕೊಳ್ಳಿ. 240 ಜನಕ್ಕೆ ಬಾಡಿಗೆ ಹಂಚಿದರೆ ತಲೆಗೆ 25, ಒಟ್ಟು 75. ಬಂದವರು 200 ಆದರೆ ನಿಮಗೆ ಸಿಗುವುದು 15,000, ಖರ್ಚು 16,000. ಬಾಡಿಗೆಯನ್ನು ತಲೆಲೆಕ್ಕದೊಳಗೆ ಮುಚ್ಚಿಡಬೇಡಿ. ಪ್ರತಿ ಪ್ಯಾಕೇಜ್‌ನಲ್ಲೂ ಸ್ಥಿರ ಮೊತ್ತ ಒಂದು ಸಾಲು, ತಲೆದರ ಇನ್ನೊಂದು ಸಾಲು, ಕೆಳಗೆ 200 ಜನರ ಒಟ್ಟು ತೋರಿಸಿ.

ಕಿಟಕಿಬೆಳಕು
ಕ್ಷಮಿಸಿ, ಪ್ರಶ್ನೆ ಸರಿಯಾಗಿ ಓದಿರಲಿಲ್ಲ. ಆದರೆ ಫೋಟೋಗಳನ್ನೂ ಒಮ್ಮೆ ನೋಡಿ. ಮೂಲೆಯಲ್ಲಿ ನಿಂತು ವೈಡ್ ಲೆನ್ಸ್‌ನಲ್ಲಿ ತೆಗೆದಿದ್ದರೆ ಹಾಲ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಗ್ರಾಹಕರು ಅದನ್ನೇ ನಂಬುತ್ತಾರೆ. ಪ್ರತಿ ಫೋಟೋಗೆ ನಂಬರ್ ಕೊಟ್ಟು, ಎಲ್ಲಿ ನಿಂತು ಯಾವ ಕಡೆಗೆ ತೆಗೆದಿದ್ದು ಅಂತ ಪ್ಲಾನ್ ಮೇಲೆ ಬಾಣ ಹಾಕಿ.

ನೇಸರ
ಕ್ರಾಪ್ ಮಾಡಿ 24 ಹಾಕಿದೆ, ಎತ್ತರ ಸರಿಯಾಗಿ 15 ಬಂತು. ಕಂಬಗಳು ಚೌಕವಾದವು. 20 ಟೇಬಲ್ ಇಟ್ಟು ಮೂರೂ ಪ್ಯಾಕೇಜ್‌ಗಳ ದರ ತಿದ್ದುತ್ತಿದ್ದೇನೆ. ಗ್ರಾಹಕರಿಗೆ 240 ಬೇಕೇ ಬೇಕಂತೆ. ಸ್ಟೇಜ್ ಚಿಕ್ಕದು ಮಾಡಿದರೆ?

ಅಳತೆಪಟ್ಟಿ
ಆರು ಸಾಲಿಗೆ 19.8 ಮೀ ಬೇಕು. ಸ್ಟೇಜ್‌ಗೂ ಮುಂದಿನ ಜಾಗಕ್ಕೂ ಸೇರಿ 4.2 ಉಳಿಯುತ್ತದೆ, ಅಂದರೆ ಸ್ಟೇಜ್ 2.2 ಮೀ. ಭಾಷಣಕ್ಕೆ ಸಾಕಾಗಬಹುದು, ಕುಣಿತಕ್ಕೆ ಖಂಡಿತ ಸಾಲದು. ಸ್ಟೇಜ್ ಮೇಲೆ ಏನು ನಡೆಯುತ್ತದೆ ಅಂತ ಮೊದಲು ಕೇಳಿ. ತುರ್ತು ಬಾಗಿಲಿನ ದಾರಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಅದು ಯಾವ ಗೋಡೆಯಲ್ಲಿದೆ?

ನೇಸರ
ಸ್ಟೇಜ್ ಪಕ್ಕದಲ್ಲೇ ಇದೆ. ನಾಳೆ ಟೇಪ್ ಹಿಡಿದು ಹೋಗಿ ಅಳೆಯುತ್ತೇನೆ.