ಚಳಿಗಾಲದ ಬೆಳಿಗ್ಗೆ ಮೀಟಿಂಗ್ ರೂಮಿಗೆ ಗಾಳಿ ಸಾಲದು, ಡ್ಯಾಂಪರ್ ಎಷ್ಟು ತೆರೆಯಲಿ?

ಪ್ರಶ್ನೆ (ಬಿಎಂಎಸ್ ಆಪರೇಟರ್, ವಸಂತನರಸಾಪುರ, ತುಮಕೂರು): ನಮ್ಮ ಆಫೀಸ್ ಬ್ಲಾಕ್‌ಗೆಲ್ಲ ಗಾಳಿ ತಣ್ಣಗೆ ಮಾಡಿ ಕಳಿಸೋದು ಒಂದೇ ಎಎಚ್‌ಯು. ಆಫೀಸ್ ಹಾಲ್, ಕ್ಯಾಬಿನ್, 50 ಜನರ ಟ್ರೈನಿಂಗ್ ಹಾಲ್, 25 ಜನರ ಮೀಟಿಂಗ್ ರೂಮ್, ಹೀಗೆ ರೂಮಿನ ಬಿಸಿ ನೋಡಿ ಗಾಳಿ ಹೆಚ್ಚು ಕಮ್ಮಿ ಬಿಡುವ ನಾಲ್ಕು ವಿಎವಿ ಬಾಕ್ಸ್. ಕನ್ಸಲ್ಟೆಂಟ್ ಹಾಳೆಯಲ್ಲಿ ಫ್ರೆಶ್ ಏರ್ 820 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 820 ಘನ ಅಡಿ ಎಂದಿದೆ. ಡ್ಯಾಂಪರ್ ಅದಕ್ಕೇ ಫಿಕ್ಸ್ ಮಾಡಿದ್ದಾರೆ. ಆದರೂ ಡಿಸೆಂಬರ್ ಬೆಳಿಗ್ಗೆ ಮೀಟಿಂಗ್ ಇದ್ದರೆ ಒಂದು ಗಂಟೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ 2000 ಪಿಪಿಎಂ ದಾಟುತ್ತೆ, ಎಲ್ಲರೂ ಆಕಳಿಸ್ತಾರೆ. ಬೇಸಿಗೆಯಲ್ಲಿ ಈ ದೂರು ಬರಲ್ಲ. ಡ್ಯಾಂಪರ್ ಇನ್ನಷ್ಟು ತೆರೆದಿಟ್ಟರೆ ಸಾಕಾ?

ಫೆಸಿಲಿಟಿ ಮ್ಯಾನೇಜರ್, ನರಸಾಪುರ (ಕೋಲಾರ): ರೂಮಿನ ಅಳತೆ ಹಾಕಿ, ಲೆಕ್ಕ ಮಾಡಿಕೊಡ್ತೀನಿ.

ಆಪರೇಟರ್: ಆಫೀಸ್ ಹಾಲ್ 2000 ಚದರಡಿ, 20 ಜನ. ಕ್ಯಾಬಿನ್ 600, 4 ಜನ. ಟ್ರೈನಿಂಗ್ ಹಾಲ್ 1000. ಮೀಟಿಂಗ್ ರೂಮ್ 500.

ಫೆಸಿಲಿಟಿ ಮ್ಯಾನೇಜರ್: ವೆಂಟಿಲೇಷನ್ ಸ್ಟ್ಯಾಂಡರ್ಡ್ ಆಶ್ರೇ 62.1 ಪ್ರಕಾರ ತಲೆಗೆ 5 ಸಿಎಫ್‌ಎಂ, ಪಾಠದ ಹಾಲ್‌ಗೆ 7.5. ಅದರ ಮೇಲೆ ಚದರಡಿಗೆ 0.06. ಆಫೀಸ್ 220, ಮೀಟಿಂಗ್ 155, ಟ್ರೈನಿಂಗ್ 435, ಕ್ಯಾಬಿನ್ 56. ಕೂಡಿದರೆ 866. ನಿಮಗೆ 820 ಕೊಟ್ಟಿದ್ದೇ ಕಮ್ಮಿ. 900 ಇಡಿ, ಮುಗೀತು.

ಕಮಿಷನಿಂಗ್ ಇಂಜಿನಿಯರ್, ತುಮಕೂರು: ರೂಮಿನ ಲೆಕ್ಕ ಸರಿಯಾಗಿದೆ ಸರ್. ಆದರೆ ಕೂಡಿದ ಮಾತ್ರಕ್ಕೆ ಆ ಗಾಳಿ ಮೀಟಿಂಗ್ ರೂಮಿಗೆ ಹೋಗಲ್ಲ. ಎಎಚ್‌ಯು ಎಲ್ಲ ರೂಮಿಗೂ ಒಂದೇ ಮಿಶ್ರಣ ಕಳಿಸುತ್ತೆ, ಒಂದೇ ಪಾತ್ರೆಯ ಸಾರು ಎಲ್ಲ ತಟ್ಟೆಗೂ ಬಡಿಸಿದ ಹಾಗೆ. ತಮ್ಮಾ, ಆ ಬೆಳಿಗ್ಗೆ ಪ್ರತಿ ಬಾಕ್ಸ್ ಎಷ್ಟು ಗಾಳಿ ಬಿಡ್ತಿತ್ತು, ಸ್ಕ್ರೀನ್ ನೋಡಿ ಹೇಳು.

ಆಪರೇಟರ್: ಆಫೀಸ್ 1600, ಟ್ರೈನಿಂಗ್ 1200, ಕ್ಯಾಬಿನ್ 500. ಮೀಟಿಂಗ್ ಬರೀ 200 ಮೇಡಂ. ಅದು ಮಿನಿಮಮ್‌ನಲ್ಲೇ ಕೂತಿತ್ತು. ಬೇಸಿಗೆಯಲ್ಲಿ 600 ಹೋಗುತ್ತೆ.

ಕಮಿಷನಿಂಗ್ ಇಂಜಿನಿಯರ್: ಸಿಕ್ತು. ಆ ರೂಮಿಗೆ ಉತ್ತರಕ್ಕೆ ದೊಡ್ಡ ಗಾಜು ಇರಬೇಕು ಅಲ್ವಾ? ಹೊರಗೆ 18 ಡಿಗ್ರಿ ಇರುವಾಗ ಜನರ ಬಿಸಿಯನ್ನು ಗಾಜೇ ಒಂದಷ್ಟು ಎಳೆದುಕೊಳ್ಳುತ್ತೆ. ಥರ್ಮೋಸ್ಟಾಟ್ ತಂಪು ಸಾಕು ಅಂದುಕೊಳ್ಳುತ್ತೆ, ಬಾಕ್ಸ್ ಮುಚ್ಚಿಕೊಳ್ಳುತ್ತೆ. ಆದರೆ ಉಸಿರಾಡುವ ತಲೆಗಳು 25 ಹಾಗೇ ಇವೆ.

ಈಗ 200ರಲ್ಲಿ 155 ಹೊಸ ಗಾಳಿ ಬೇಕು, ಅಂದರೆ 78%. ಆಫೀಸ್ ಹಾಲ್‌ಗೆ ಬೇಕಿರೋದು 14% ಮಾತ್ರ. ಹಾಗಂತ ಎಎಚ್‌ಯುಗೇ 78% ಫ್ರೆಶ್ ಏರ್ ಕೊಡಬೇಕಿಲ್ಲ. ಆಫೀಸ್ ಬಳಸದೆ ಬಿಟ್ಟ ಹೊಸ ಗಾಳಿ ರಿಟರ್ನ್‌ನಲ್ಲಿ ವಾಪಸ್ ಬಂದು ಮತ್ತೆ ಹಂಚಿಕೆ ಆಗುತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು. ತಲೆಗೆ ಬೇಕಾದ ಗಾಳಿ `Rp`, ಜನ `Pz`, ಚದರಡಿಗೆ ಬೇಕಾದ ಗಾಳಿ `Ra`, ವಿಸ್ತೀರ್ಣ `Az`, ಸೀಟುಗಳಲ್ಲಿ ಒಮ್ಮೆಗೆ ತುಂಬುವ ಪಾಲು `D`. ರೂಮಿಗೆ ಬೇಕಾದ ಹೊಸ ಗಾಳಿ `Voz`, ಬಾಕ್ಸ್ ಬಿಡುವ ಗಾಳಿ `Vdz`, ಒಟ್ಟು ಸಪ್ಲೈ `Vps`, ಎಎಚ್‌ಯು ಎಳೆಯಬೇಕಾದ ಫ್ರೆಶ್ ಏರ್ `Vot`. ಕಂಟ್ರೋಲರ್‌ನಲ್ಲಿ ಬರೆಯೋದು ಇಷ್ಟೇ:

```
Vou = D*sum(Rp*Pz) + sum(Ra*Az)
Xs  = Vou / Vps
Evz = 1 + Xs - Voz/Vdz
Vot = Vou / min(Evz)
```

ನಿಮ್ಮಲ್ಲಿ ಆಫೀಸಿನವರೇ ಮೀಟಿಂಗ್‌ಗೂ ಟ್ರೈನಿಂಗ್‌ಗೂ ಹೋಗ್ತಾರೆ. ಸೀಟು 99 ಇದ್ದರೂ ಒಮ್ಮೆಗೆ 66 ಜನ ಅಂತ ಹಿಡಿದೆ. ಆಗ `Vou` 660. ಆ ಬೆಳಿಗ್ಗೆ ಒಟ್ಟು ಸಪ್ಲೈ 3500, ಹಾಗಾಗಿ `Xs` 0.19. ಮೀಟಿಂಗ್ ರೂಮಿನ `Evz` 1 + 0.19 − 0.78, ಅಂದರೆ 0.41. 660ನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 1600 ಸಿಎಫ್‌ಎಂ!

ಬೇಸಿಗೆಯಲ್ಲಿ ಬಾಕ್ಸ್ 600ಕ್ಕೆ ತೆರೆದಾಗ ಇದೇ ಲೆಕ್ಕ ಮಾಡಿದರೆ 820 ಬರುತ್ತೆ. ಕನ್ಸಲ್ಟೆಂಟ್ ತಪ್ಪು ಮಾಡಿಲ್ಲ, ಬೇಸಿಗೆಯ ಒಂದು ಮಧ್ಯಾಹ್ನಕ್ಕೆ ಮಾತ್ರ ಮಾಡಿದ್ದಾರೆ.

ಟ್ಯೂಷನ್ ಸೆಂಟರ್ ನಡೆಸುವವರು, ಚಿಕ್ಕಬಳ್ಳಾಪುರ: ನಮ್ಮಲ್ಲೂ ಇದೇ ಕಥೆ. 40 ಮಕ್ಕಳು, ಎರಡು ಸ್ಪ್ಲಿಟ್ ಎಸಿ. ಈ ಡ್ಯಾಂಪರ್ ಎಲ್ಲಿರುತ್ತೆ?

ಕಮಿಷನಿಂಗ್ ಇಂಜಿನಿಯರ್: ನಿಮ್ಮದು ಬೇರೆ ಕಥೆ ಸರ್. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರೋದೇ ಇಲ್ಲ, ರೂಮಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತೆ. ಸದ್ಯಕ್ಕೆ ಎರಡು ಕಿಟಕಿ ತೆರೆಸಿ. ಎದುರು ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಫೆಸಿಲಿಟಿ ಮ್ಯಾನೇಜರ್: ಹಾಗಾದರೆ 1600ಕ್ಕೇ ಫಿಕ್ಸ್ ಮಾಡಿಬಿಡಲಿ?

ಕಮಿಷನಿಂಗ್ ಇಂಜಿನಿಯರ್: ಏಪ್ರಿಲ್‌ನಲ್ಲಿ ಹೊರಗೆ 36 ಡಿಗ್ರಿ ಇರುವಾಗ ಬೇಡದ 780 ಸಿಎಫ್‌ಎಂ ಎಳೆದಂತಾಗುತ್ತೆ. ತೇವ ಬಿಟ್ಟು ಲೆಕ್ಕ ಹಾಕಿದರೂ ಒಂದೂವರೆ ಟನ್ ಕೂಲಿಂಗ್ ದಂಡ. ಅದಕ್ಕೇ ಕ್ರಿಟಿಕಲ್ ಝೋನ್ ರೀಸೆಟ್ ಅನ್ನೋದು. ಐದು ನಿಮಿಷಕ್ಕೊಮ್ಮೆ ಪ್ರತಿ ಬಾಕ್ಸಿನ ಆಗಿನ ಗಾಳಿ ನೋಡಿ, ಯಾವ ರೂಮಿನ `Evz` ಎಲ್ಲಕ್ಕಿಂತ ಕಮ್ಮಿಯೋ ಅದನ್ನು ಹಿಡಿದು ಫ್ರೆಶ್ ಏರ್ ಸೆಟ್‌ಪಾಯಿಂಟ್ ಬದಲಿಸೋದು.

ಡ್ಯಾಂಪರ್ ಮುಟ್ಟುವ ಮೊದಲು ಒಂದು ಕೆಲಸ ಮಾಡು ತಮ್ಮಾ. ಮೀಟಿಂಗ್ ರೂಮಿನಲ್ಲಿ ಜನ ಇದ್ದಾಗ ಬಾಕ್ಸಿನ ಮಿನಿಮಮ್ 400 ಮಾಡು. 1600 ಬೇಕಿದ್ದ ಕಡೆ 835 ಸಾಕಾಗುತ್ತೆ. 600ಕ್ಕೆ ಏರಿಸಿದರೂ 820ರ ಕೆಳಗೆ ಇಳಿಯಲ್ಲ. ಯಾಕಂದ್ರೆ ಅಷ್ಟರಲ್ಲಿ ಕ್ರಿಟಿಕಲ್ ಪಟ್ಟ ಟ್ರೈನಿಂಗ್ ಹಾಲ್‌ಗೆ ಹೋಗಿರುತ್ತೆ.

ಆಪರೇಟರ್ (ಎರಡು ದಿನದ ನಂತರ): 400 ಕೊಟ್ಟೆ ಮೇಡಂ. ಆಕಳಿಕೆ ನಿಂತಿತು, ಆದರೆ ಅಕೌಂಟ್ಸ್ ಮೇಡಂ ಶಾಲು ಹೊದ್ದು ಕೂತರು. ಇನ್ನೊಂದು ವಿಷಯ. ರಿಟರ್ನ್ 24, ಹೊರಗೆ 18, ಮಿಕ್ಸ್ ಆದಮೇಲೆ 23 ಡಿಗ್ರಿ ತೋರಿಸ್ತಿದೆ.

ಕಮಿಷನಿಂಗ್ ಇಂಜಿನಿಯರ್: ಆರು ಡಿಗ್ರಿ ವ್ಯತ್ಯಾಸದಲ್ಲಿ ಒಂದೇ ಡಿಗ್ರಿ ಇಳಿದಿದೆ. ಹೊರಗಿನ ಗಾಳಿ ಆರನೇ ಒಂದು ಪಾಲು, ಅಂದರೆ 600ರ ಆಸುಪಾಸು. ನಿನಗೆ 820 ಕೂಡ ಬರ್ತಿರಲಿಲ್ಲ! ಬಾಕ್ಸ್‌ಗಳು ಮುಚ್ಚಿಕೊಂಡಾಗ ಫ್ಯಾನ್ ನಿಧಾನ ಆಗುತ್ತೆ, ಮಿಕ್ಸಿಂಗ್ ಬಾಕ್ಸಿನ ಎಳೆತ ಕಮ್ಮಿ ಆಗುತ್ತೆ. ಡ್ಯಾಂಪರ್ ಇದ್ದಲ್ಲೇ ಇದ್ದರೂ ಗಾಳಿ ಇಳಿಯುತ್ತೆ. ಸೆನ್ಸರ್ ಒಂದೇ ಮೂಲೆಯಲ್ಲಿದ್ದರೆ ಸುಳ್ಳು ಹೇಳಬಹುದು, ನಾಲ್ಕೈದು ಕಡೆ ಹಿಡಿದು ಸರಾಸರಿ ತೆಗಿ. ರೀಸೆಟ್ ಮಾಡೋದಾದರೆ ಫ್ರೆಶ್ ಏರ್ ಡಕ್ಟ್‌ಗೆ ಗಾಳಿ ಅಳೆಯುವ ಫ್ಲೋ ಸ್ಟೇಷನ್ ಬೇಕೇ ಬೇಕು. ಡ್ಯಾಂಪರ್‌ನ ಶೇಕಡಾ ನಂಬಬೇಡ.

ಶಾಲಿಗೆ ಪರಿಹಾರ: ಸಪ್ಲೈ 12 ಡಿಗ್ರಿ ಇದ್ದರೆ ಬೆಳಿಗ್ಗೆ 16ಕ್ಕೆ ಏರಿಸು. ಟ್ರೈನಿಂಗ್ ಹಾಲ್ ಬೆಚ್ಚಗಾಗ್ತಿದೆಯಾ ನೋಡಿಕೊಂಡು ಏರಿಸು. ಹೇಗೂ ಹೊರಗೆ 18 ಇದೆ. ಆ ಹೊತ್ತಲ್ಲಿ ಡ್ಯಾಂಪರ್ ಪೂರ್ತಿ ತೆರೆದರೂ ಚಿಲ್ಲರ್‌ಗೆ ಹೆಚ್ಚುವರಿ ಖರ್ಚಿಲ್ಲ, ಉಳಿತಾಯವೇ.

ರೀಸೆಟ್‌ನಲ್ಲಿ ನಾನು ಒಮ್ಮೆ ಬಿದ್ದ ಹಳ್ಳ ಹೇಳಿಬಿಡ್ತೀನಿ. ಕೋಲಾರದ ಕಡೆ ಒಂದು ಸೈಟ್‌ನಲ್ಲಿ ಒಂದು ಬಾಕ್ಸಿನ ಪ್ರೆಷರ್ ಟ್ಯೂಬ್ ಕಳಚಿಕೊಂಡಿತ್ತು. ಗಾಳಿ 15 ಸಿಎಫ್‌ಎಂ ಅಂತ ತೋರಿಸ್ತಿತ್ತು. `Evz` ಸೊನ್ನೆಯ ಹತ್ತಿರಕ್ಕೆ ಇಳಿದು, `Vot` ಮುಗಿಲು ಮುಟ್ಟಿ, ಏಪ್ರಿಲ್ ಬಿಸಿಲಲ್ಲಿ ಫ್ರೆಶ್ ಏರ್ ಡ್ಯಾಂಪರ್ ಪೂರ್ತಿ ತೆರೆದುಕೊಂಡಿತ್ತು. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ, ನನಗೂ! `Vot`ಗೆ ಮೇಲಿನ ಮಿತಿ ಹಾಕು. ಯಾವ ರೂಮ್ ಕ್ರಿಟಿಕಲ್ ಆಗಿದೆ ಅನ್ನೋದನ್ನ ಟ್ರೆಂಡ್‌ನಲ್ಲಿ ಇಡು. ಬೀಗ ಹಾಕಿದ ರೂಮಿನ ಹೆಸರೇ ದಿನವಿಡೀ ಬರ್ತಿದ್ದರೆ ಬಾಕ್ಸ್ ಬಿಚ್ಚಿ ನೋಡು.

ಫೆಸಿಲಿಟಿ ಮ್ಯಾನೇಜರ್: ಇಷ್ಟೆಲ್ಲ ಯಾಕೆ, ಮೀಟರ್ 1000 ದಾಟದ ಹಾಗೆ ಡ್ಯಾಂಪರ್ ಓಡಿಸಿದರೆ ಆಗಲ್ವಾ?

ಕಮಿಷನಿಂಗ್ ಇಂಜಿನಿಯರ್: 155 ಸಿಎಫ್‌ಎಂ 25 ಜನಕ್ಕೆ ಹಂಚಿದರೆ ತಲೆಗೆ ಆರು ಚಿಲ್ಲರೆ. ಅಷ್ಟರಲ್ಲಿ ಮೀಟಿಂಗ್ ಉದ್ದವಾದರೆ 2000 ಬಂದೇ ಬರುತ್ತೆ, 62.1ರ ಲೆಕ್ಕಕ್ಕೆ ಅದು ಪಾಸ್. 1000ವೇ ಬೇಕು ಅಂದರೆ ತಲೆಗೆ 18ರ ಮೇಲೆ ಬೇಕು. ಎಎಚ್‌ಯುನ ತಣ್ಣಗೆ ಮಾಡುವ ಕಾಯಿಲ್ ಅಷ್ಟು ತಡೆಯುತ್ತಾ ಅನ್ನೋದು ಬೇರೆ ಪ್ರಶ್ನೆ.

ಫೆಸಿಲಿಟಿ ಮ್ಯಾನೇಜರ್: ಪಾಸ್ ಆದರೂ ಜನ ಆಕಳಿಸಿದರೆ ಬೈಸಿಕೊಳ್ಳೋದು ನಾನೇ ಮೇಡಂ. ನಾನಂತೂ 1000 ಬಿಡಲ್ಲ.

ಆಪರೇಟರ್: ನಮ್ಮ ಎಚ್‌ಆರ್ ಕೂಡ 1000 ಅಂತಲೇ ಬರೆದುಕೊಟ್ಟಿದ್ದಾರೆ. ಮೊದಲು ಫ್ಲೋ ಸ್ಟೇಷನ್‌ಗೆ ಕೊಟೇಷನ್ ತರಿಸ್ತೀನಿ. ಮೀಟಿಂಗ್ ರೂಮಿಗೆ ಜನ ಇದ್ದಾರಾ ಅಂತ ನೋಡುವ ಸೆನ್ಸರ್ ಇಲ್ಲ. ಅಲ್ಲಿವರೆಗೆ ಲೈಟ್ ಸ್ವಿಚ್‌ನಿಂದಲೇ ಸಿಗ್ನಲ್ ತಗೊಳ್ಳಬಹುದಾ ಮೇಡಂ?

ಕಮಿಷನಿಂಗ್ ಇಂಜಿನಿಯರ್: ತಗೊ. ಪ್ರೊಜೆಕ್ಟರ್ ಹಾಕಿದಾಗ ಲೈಟ್ ಆರಿಸ್ತಾರೆ ಅನ್ನೋದು ಮರೀಬೇಡ. ಸ್ವಿಚ್ ಆಫ್ ಆದಮೇಲೂ ಒಂದು ಗಂಟೆ 400 ಹಿಡಿದಿರಲಿ.