ನಾಮಿನಿ ಇಲ್ಲದ ಅಪ್ಪನ ಖಾತೆ: ವಾರಸುದಾರರು ಯಾವ ಕಾಗದ ಕೊಡಬೇಕು, ಕೊಡುವ ಮೊದಲು ಏನು ನೋಡಬೇಕು?

ಕೇಳಿದವರು, ತೀರ್ಥಹಳ್ಳಿ ತಾಲ್ಲೂಕು

ಕಳೆದ ಮಳೆಗಾಲದಲ್ಲಿ ನಮ್ಮ ಅಪ್ಪ ಉಡುಪಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಮತ್ತು ಠೇವಣಿ ಸೇರಿ ಸುಮಾರು 7 ಲಕ್ಷ ರೂಪಾಯಿ, ಒಂದು ಸಹಕಾರಿ ಬ್ಯಾಂಕಿನಲ್ಲಿ ಐದೂವರೆ ಲಕ್ಷ ಇದೆ. ಎರಡರಲ್ಲಿಯೂ ನಾಮಿನಿ ಇಲ್ಲ. ವಾರಸುದಾರರು ಅಮ್ಮ, ನಾನು, ತಮ್ಮ ಮತ್ತು ಜರ್ಮನಿಯಲ್ಲಿರುವ ಅಕ್ಕ. ಹಣವೆಲ್ಲ ಅಮ್ಮನ ಹೆಸರಿಗೆ ಬರಲಿ ಎಂಬುದು ನಮ್ಮೆಲ್ಲರ ಇಚ್ಛೆ. ಯಾವ ದಾಖಲೆಗಳು ಬೇಕು, ಪ್ರತಿಯೊಂದರಲ್ಲಿಯೂ ಏನನ್ನು ಪರೀಕ್ಷಿಸಿ ಕೊಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಾಗರದ ಕೃಷಿಕರು

ನಾಮಿನಿ ಇಲ್ಲವೆಂದ ಮೇಲೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರದೆ ಬೇರೆ ದಾರಿಯಿಲ್ಲ. ನಮ್ಮ ದೊಡ್ಡಪ್ಪನ ಖಾತೆಗೆ ವಕೀಲರನ್ನಿಟ್ಟು ಅದನ್ನೇ ತಂದೆವು. ಪತ್ರಿಕೆಯಲ್ಲಿ ಪ್ರಕಟಣೆ, ನ್ಯಾಯಾಲಯದ ಶುಲ್ಕ ಎಲ್ಲ ಸೇರಿ ಬಹಳ ಕಾಲ ಹಿಡಿಯಿತು. ಈಗಲೇ ಅರ್ಜಿ ಹಾಕುವುದು ಒಳ್ಳೆಯದು.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಸಾಗರದವರು ಹೇಳಿದ್ದು ಅವರ ದೊಡ್ಡಪ್ಪನ ಸಂದರ್ಭಕ್ಕೆ ಸರಿಯಿದ್ದಿರಬಹುದು. ವಾರಸುದಾರರ ನಡುವೆ ತಕರಾರಿದ್ದರೆ ಅಥವಾ ಖಾತೆದಾರರು ಬರೆದಿಟ್ಟ ಉಯಿಲಿನ ಬಗ್ಗೆ ವಿವಾದವಿದ್ದರೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಕೇಳಿದವರ ಮನೆಯಲ್ಲಿ ಅಂಥ ತಕರಾರಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ, 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕೆಂದು ಬ್ಯಾಂಕುಗಳಿಗೆ ಗಡುವು ಕೊಟ್ಟ ನಿರ್ದೇಶನದ ಪ್ರಕಾರ, ನಾಮಿನಿ ಇಲ್ಲದ ಖಾತೆಯಲ್ಲಿ ವಾಣಿಜ್ಯ ಬ್ಯಾಂಕಾದರೆ 15 ಲಕ್ಷ, ಸಹಕಾರಿ ಬ್ಯಾಂಕಾದರೆ 5 ಲಕ್ಷ ರೂಪಾಯಿಯವರೆಗೆ ಸರಳ ವಿಧಾನದಲ್ಲಿಯೇ ಇತ್ಯರ್ಥ ಮಾಡಬೇಕು. ಅಷ್ಟರೊಳಗಿನ ಮೊತ್ತಕ್ಕೆ ಮೂರನೆಯವರ ಜಾಮೀನನ್ನೂ ಕೇಳುವಂತಿಲ್ಲ. ಬ್ಯಾಂಕುಗಳು ಈ ಮಿತಿಯನ್ನು ತಾವಾಗಿ ಹೆಚ್ಚಿಸಿಕೊಳ್ಳಬಹುದು, ತಗ್ಗಿಸಲಾಗದು.

ಹಾಗಾಗಿ ನಿಮ್ಮ ರಾಷ್ಟ್ರೀಕೃತ ಬ್ಯಾಂಕಿನ 7 ಲಕ್ಷಕ್ಕೆ ಬೇಕಾದವು ಇಷ್ಟು: ಬ್ಯಾಂಕಿನದೇ ಕ್ಲೇಮು ಅರ್ಜಿ, ಮರಣ ಪ್ರಮಾಣಪತ್ರ, ಹಣ ಪಡೆಯುವವರ ಗುರುತು ಮತ್ತು ವಿಳಾಸದ ದಾಖಲೆ, ಅವರು ಬರೆದುಕೊಡುವ ನಷ್ಟಭರ್ತಿ ಮುಚ್ಚಳಿಕೆ, ಹಣ ಬೇಡವೆನ್ನುವ ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರ, ಮತ್ತು ವಾರಸುದಾರರು ಯಾರೆಂಬುದಕ್ಕೆ ಆಧಾರ. ಈ ಕೊನೆಯದಕ್ಕೆ ಕಂದಾಯ ಇಲಾಖೆಯ ಪ್ರಮಾಣಪತ್ರ ಕೊಡಬಹುದು, ಇಲ್ಲವೇ ಕುಟುಂಬವನ್ನು ಚೆನ್ನಾಗಿ ಬಲ್ಲ, ಆದರೆ ಕುಟುಂಬಕ್ಕೆ ಸೇರದ, ಬ್ಯಾಂಕಿಗೆ ಒಪ್ಪಿಗೆಯಾಗುವ ಒಬ್ಬರು ಬರೆದುಕೊಟ್ಟ ಘೋಷಣೆಯನ್ನು ಕೊಡಬಹುದು. ಸೋದರಮಾವನಿಂದಲೋ ಚಿಕ್ಕಪ್ಪನಿಂದಲೋ ಈ ಘೋಷಣೆ ಬರೆಸಿ ತರುವುದು ಸಾಮಾನ್ಯ. ನೆಂಟರದ್ದೆಂಬ ಒಂದೇ ಕಾರಣಕ್ಕೆ ಅದು ಹಿಂದಿರುಗುತ್ತದೆ.

ಇದಕ್ಕಿಂತ ಮೊದಲು ಒಂದು ಮಾತನ್ನು ಕೇಳಬೇಕಾಗಿದೆ. ನಿಮ್ಮ ಅಪ್ಪನ ತಾಯಿ ಇದ್ದಾರೆಯೇ?

ಹೊಸನಗರದಿಂದ ಒಬ್ಬರು

ನಾವು ತೋಟದ ಪೌತಿ ಖಾತೆಗೆಂದು ವಂಶವೃಕ್ಷ ಮಾಡಿಸಿದ್ದೆವು. ಅದಾದ ಮೇಲೆ ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಬಂತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಗ್ರಾಮ ಆಡಳಿತಾಧಿಕಾರಿಗಳು ಸ್ಥಳಕ್ಕೆ ಬಂದು ವಿಚಾರಣೆ ಮಾಡಿ ಹೋದರೆ ಸಾಕಾಗುತ್ತದೆ. ಪಹಣಿ ತಿದ್ದಿಸುವ ವಿಷಯದಲ್ಲಿ ಏನಾದರೂ ಬೇಕಿದ್ದರೆ ಕೇಳಿ.

ಕೇಳಿದವರು

ಹೊಸನಗರದವರೇ, ಪಹಣಿಯ ಕೆಲಸ ನಮ್ಮಲ್ಲಿ ಮುಗಿದಿದೆ. ಈಗ ಉಳಿದಿರುವುದು ಬ್ಯಾಂಕಿನದು ಮಾತ್ರ. ಅಧಿಕಾರಿಗಳ ಪ್ರಶ್ನೆಗೆ ಉತ್ತರವೆಂದರೆ, ಅಜ್ಜಿ ಇದ್ದಾರೆ, ನಮ್ಮ ಮನೆಯಲ್ಲಿಯೇ ಇದ್ದಾರೆ. ಸಹಿ ಮಾಡಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ. ಪೌತಿಗೆಂದು ಮಾಡಿಸಿದ ವಂಶವೃಕ್ಷದಲ್ಲಿ ಅಪ್ಪನ ಕೆಳಗೆ ಅಮ್ಮ ಮತ್ತು ನಾವು ಮೂವರು ಮಕ್ಕಳು ಇದ್ದೇವೆ. ಅಜ್ಜಿಯ ಹೆಸರು ಅದರಲ್ಲಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಹಾಗಾದರೆ ಆ ವಂಶವೃಕ್ಷವನ್ನು ಹಾಗೆಯೇ ಕೊಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪುರುಷನೊಬ್ಬ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಮೊದಲ ವರ್ಗದ ವಾರಸುದಾರರು. ತಂದೆ ಆ ವರ್ಗದಲ್ಲಿ ಬರುವುದಿಲ್ಲ, ತಾಯಿ ಬರುತ್ತಾರೆ. ನಿಮ್ಮ ಅಪ್ಪನ ಸ್ವಂತ ಹಣದಲ್ಲಿ ಅಮ್ಮ, ಅಜ್ಜಿ, ನೀವು ಮೂವರು ಹೀಗೆ ಐದು ಸಮಪಾಲುಗಳಿದ್ದು, ಏಳು ಲಕ್ಷದಲ್ಲಿ ಅಜ್ಜಿಯ ಪಾಲು 1,40,000 ರೂಪಾಯಿ ಆಗುತ್ತದೆ. ನಾನು ನೌಕರಿಯಲ್ಲಿದ್ದಾಗ ವಾರಸುದಾರರ ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತಿದ್ದದ್ದು ಮೃತರ ತಾಯಿ ಮತ್ತು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಇದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ವಂಶವೃಕ್ಷವನ್ನು ಮೃತರಿಂದ ಕೆಳಕ್ಕೆ ಬರೆಯುತ್ತ ಹೋಗುವುದರಿಂದ ಮೇಲಿನ ತಲೆಮಾರು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಕ್ಲೇಮು ಅರ್ಜಿಯಲ್ಲಿ ವಾರಸುದಾರರ ವಿವರ ಕೊಡಬೇಕಾಗಿದ್ದು, ಅಲ್ಲಿ ಒಂದು ಬರೆದು, ಲಗತ್ತಿಸಿದ ಪತ್ರದಲ್ಲಿ ಇನ್ನೊಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

ನಾಡಕಚೇರಿಯಲ್ಲಿ ವಂಶವೃಕ್ಷವಲ್ಲದೆ ಮೃತರ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಪತ್ರವನ್ನೂ ಕೊಡುತ್ತಾರೆ. ಅಜ್ಜಿಯ ಹೆಸರು ಸೇರಿಸಿ ಅದಕ್ಕೆ ಅರ್ಜಿ ಹಾಕಿ. ಬಂದ ಮೇಲೆ ಅದರಲ್ಲಿ ನೋಡಬೇಕಾದದ್ದು, ಪ್ರತಿಯೊಬ್ಬರ ಹೆಸರಿನ ಮುಂದೆ ಸಂಬಂಧ ಮತ್ತು ವಯಸ್ಸು ಇದೆಯೇ, ಮರಣದ ದಿನಾಂಕ ಮರಣ ಪ್ರಮಾಣಪತ್ರದಲ್ಲಿರುವುದೇ ಆಗಿದೆಯೇ, ಜರ್ಮನಿಯ ಅಕ್ಕನ ಹೆಸರು ಪಾಸ್‌ಪೋರ್ಟಿನಲ್ಲಿರುವ ಹೆಸರಿಗೆ ಹೊಂದುತ್ತದೆಯೇ ಎಂಬುದನ್ನು. ಮದುವೆಯ ನಂತರ ಅವರ ಹೆಸರಿನ ಕೊನೆಯ ಭಾಗ ಬದಲಾಗಿದ್ದರೆ ವಿವಾಹ ನೋಂದಣಿ ಪತ್ರದ ಪ್ರತಿಯನ್ನು ಜೊತೆಗಿಡಿ.

ಶಿವಮೊಗ್ಗದಿಂದ ಶಿಕ್ಷಕಿ

ನಮ್ಮ ಮನೆಯಲ್ಲಿ ತೊಡಕಾದದ್ದು ಮರಣ ಪ್ರಮಾಣಪತ್ರದಲ್ಲಿ. ಪಾಸ್‌ಬುಕ್ಕಿನಲ್ಲಿ ನಮ್ಮವರ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಎರಡು ಮೊದಲಕ್ಷರಗಳಿದ್ದವು, ಆಧಾರಿನಲ್ಲಿ ಒಂದೇ ಇತ್ತು, ಆಸ್ಪತ್ರೆಯವರು ಕಳಿಸಿದ ವರದಿಯಲ್ಲಿ ಒಂದೂ ಇರಲಿಲ್ಲ. ಮರಣ ಪ್ರಮಾಣಪತ್ರ ಆ ವರದಿಯಂತೆಯೇ ಬಂತು. ಎಲ್ಲ ಕಾಗದಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರನ್ನು ಇಂಗ್ಲಿಷ್ ಕಾಗುಣಿತದ ಒಂದೊಂದೇ ಅಕ್ಷರವಾಗಿ ಪೆನ್ಸಿಲಿನಿಂದ ಗುರುತಿಸುತ್ತ ಹೋದಾಗ ಮಾತ್ರ ಇದು ಗೊತ್ತಾಯಿತು. ಕೇಳಿದವರ ತಂದೆಯವರು ಉಡುಪಿ ಜಿಲ್ಲೆಯಲ್ಲಿ ತೀರಿಕೊಂಡಿರುವುದರಿಂದ ಮರಣ ಅಲ್ಲಿಯೇ ನೋಂದಣಿಯಾಗಿರುತ್ತದೆ. ತಿದ್ದುಪಡಿ ಬೇಕಾದರೆ ಆ ನೋಂದಣಾಧಿಕಾರಿಯ ಬಳಿಗೇ ಹೋಗಬೇಕು, ತೀರ್ಥಹಳ್ಳಿಯಲ್ಲಿ ಆಗುವುದಿಲ್ಲ. ಆದ್ದರಿಂದ ಬೇರೆ ಯಾವುದನ್ನು ಮಾಡಿಸುವ ಮೊದಲೂ ಪಾಸ್‌ಬುಕ್ಕಿನ ಹೆಸರಿಗೂ ಮರಣ ಪ್ರಮಾಣಪತ್ರದ ಹೆಸರಿಗೂ ತಾಳೆ ನೋಡಿಕೊಳ್ಳಿ.

ಸಾಗರದ ಕೃಷಿಕರು

ಹೆಸರಿನಲ್ಲಿ ಒಂದೆರಡು ಅಕ್ಷರ ವ್ಯತ್ಯಾಸವಾದರೆ, ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿದರೆ ನಡೆಯುತ್ತದಲ್ಲ?

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಮೊದಲಕ್ಷರದ ವ್ಯತ್ಯಾಸಕ್ಕೆ ಬಹುತೇಕ ಶಾಖೆಗಳು ಅದನ್ನು ಒಪ್ಪುತ್ತವೆ. ತಂದೆಯ ಹೆಸರು ಅಥವಾ ಮರಣದ ದಿನಾಂಕ ಬೇರೆಯಿದ್ದರೆ ಒಪ್ಪುವುದಿಲ್ಲ, ಆಗ ಮೂಲ ದಾಖಲೆಯನ್ನೇ ತಿದ್ದಿಸಬೇಕು. ಶಿಕ್ಷಕಿಯವರು ಹೇಳಿದ ಕ್ರಮವೇ ಸರಿಯಾದದ್ದು.

ನಿರಾಕ್ಷೇಪಣಾ ಪತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಜ್ಜಿ, ನೀವು, ತಮ್ಮ ಮತ್ತು ಅಕ್ಕ ನಾಲ್ವರೂ ಅದನ್ನು ಕೊಡಬೇಕಾಗುತ್ತದೆ. 'ನನಗೆ ಯಾವ ಆಕ್ಷೇಪವೂ ಇಲ್ಲ' ಎಂದಷ್ಟೇ ಬರೆದರೆ ಅದು ಅಪೂರ್ಣ ಪತ್ರ. ಮೃತರ ಹೆಸರು, ಮರಣದ ದಿನಾಂಕ, ಉಳಿತಾಯ ಖಾತೆಯ ಸಂಖ್ಯೆ, ಪ್ರತಿಯೊಂದು ಠೇವಣಿಯ ಸಂಖ್ಯೆ, ಮತ್ತು ಹಣ ಯಾರಿಗೆ ಸಲ್ಲಬೇಕೋ ಅವರ ಹೆಸರು ಎಲ್ಲವೂ ಅದರಲ್ಲಿರಬೇಕು. ಠೇವಣಿ ಪತ್ರವೊಂದು ಕಪಾಟಿನಲ್ಲಿ ಆಮೇಲೆ ಸಿಕ್ಕಿತೆಂದು ನಾಲ್ವರಿಂದಲೂ ಮತ್ತೆ ಸಹಿ ಮಾಡಿಸಬೇಕಾಗಿ ಬಂದ ಕುಟುಂಬಗಳನ್ನು ನೋಡಿದ್ದೇನೆ. ಅದಕ್ಕಾಗಿ ಮೊದಲ ದಿನವೇ ಮೃತರ ಹೆಸರಿನಲ್ಲಿರುವ ಎಲ್ಲ ಖಾತೆ ಮತ್ತು ಠೇವಣಿಗಳ ಪಟ್ಟಿಯನ್ನು ಶಾಖೆಯಿಂದ ಪಡೆದು, ಪತ್ರವನ್ನು ಅದರ ಆಧಾರದ ಮೇಲೆ ಬರೆಸಿ. ಬ್ಯಾಂಕಿನದೇ ನಮೂನೆಯಿದ್ದರೆ ಅದನ್ನೇ ಬಳಸಿ.

ಅಜ್ಜಿಯ ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿಗಳ ಸಹಿ, ಪೂರ್ಣ ಹೆಸರು ಮತ್ತು ವಿಳಾಸ ಬೇಕು. ಸಾಕ್ಷಿಗಳು ವಾರಸುದಾರರಲ್ಲದವರಾಗಿರಲಿ. ಪತ್ರವನ್ನು ಓದಿ ಹೇಳಿ, ಅವರು ಅರ್ಥ ಮಾಡಿಕೊಂಡು ಒತ್ತಿದ್ದಾರೆ ಎಂಬ ಒಂದು ಸಾಲು ಅದರಲ್ಲಿದ್ದರೆ ಒಳ್ಳೆಯದು. ಇದು ಬ್ಯಾಂಕಿಗಾಗಿ ಮಾತ್ರವಲ್ಲ. ಪಾಲು ಅವರದು, ಬಿಟ್ಟುಕೊಡುವುದೂ ಅವರ ಇಷ್ಟ, ಅದನ್ನು ಅವರಿಗೆ ಸರಿಯಾಗಿ ತಿಳಿಸಿಯೇ ಕೇಳಬೇಕು.

ಅಕ್ಕ ಜರ್ಮನಿಯಿಂದ ಬರಬೇಕಾಗಿಲ್ಲ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಿಯ ಮುಂದೆ ಸಹಿ ಮಾಡಿ, ದೃಢೀಕರಿಸಿಕೊಂಡು ಮೂಲಪತ್ರವನ್ನು ಅಂಚೆಯಲ್ಲಿ ಕಳಿಸಲಿ. ಅದಕ್ಕೂ ಮೊದಲು ಪತ್ರದ ಕರಡನ್ನು ಶಾಖೆಯಲ್ಲಿ ತೋರಿಸಿ ಒಪ್ಪಿಸಿಕೊಳ್ಳಿ. ಅಲ್ಲಿಂದ ಬಂದ ಮೇಲೆ ಒಂದು ಠೇವಣಿ ಸಂಖ್ಯೆ ತಪ್ಪಿದೆಯೆಂದು ತಿಳಿದರೆ ಮತ್ತೆ ಎಲ್ಲವೂ ಮೊದಲಿನಿಂದ.

ಮುಚ್ಚಳಿಕೆಯನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸುವಾಗ ಎಷ್ಟು ಮೌಲ್ಯದ್ದು, ಯಾವ ಬಾಬ್ತಿಗೆ, ಮೊದಲ ಮತ್ತು ಎರಡನೆಯ ಪಕ್ಷ ಯಾರು ಎಂಬುದನ್ನು ಶಾಖೆಯಲ್ಲಿ ಕೇಳಿ ಬರೆದುಕೊಂಡು ಹೋಗಿ. ಅಫಿಡವಿಟ್ಟೆಂದು ತೆಗೆದ ಕಾಗದದ ಮೇಲೆ ಮುಚ್ಚಳಿಕೆ ಬರೆಸಿದರೆ ಹಿಂದಿರುಗಿಸುತ್ತಾರೆ.

ಶಿವಮೊಗ್ಗದಿಂದ ಶಿಕ್ಷಕಿ

ಇನ್ನೊಂದು ಮಾತು. ಕೊಟ್ಟ ಪ್ರತಿಯೊಂದು ಕಾಗದದ ಹೆಸರನ್ನೂ ಬರೆದು, ದಿನಾಂಕ ಹಾಕಿ, ಶಾಖೆಯ ಮೊಹರಿನೊಂದಿಗೆ ಸ್ವೀಕೃತಿ ಪಡೆಯಿರಿ. ನಾವು ಪಡೆಯದೆ ಇದ್ದುದರಿಂದ, ಯಾವುದು ಯಾವಾಗ ಮುಟ್ಟಿತೆಂಬ ಬಗ್ಗೆಯೇ ಮಾತು ಬೆಳೆಯಿತು.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಅದು ಅತ್ಯಗತ್ಯ. ಬ್ಯಾಂಕು 15 ದಿನಗಳೊಳಗೆ ಇತ್ಯರ್ಥ ಮಾಡಬೇಕೆಂಬ ನಿಯಮವಿದ್ದರೂ ಆ ಲೆಕ್ಕ ಆರಂಭವಾಗುವುದು ಎಲ್ಲ ದಾಖಲೆಗಳೂ ಪೂರ್ಣವಾಗಿ ತಲುಪಿದ ದಿನದಿಂದ. ಅದರ ನಂತರ ಬ್ಯಾಂಕಿನ ಕಾರಣದಿಂದ ತಡವಾದರೆ ಠೇವಣಿದಾರರ ವಾರಸುದಾರರಿಗೆ ಬ್ಯಾಂಕ್ ದರದ ಮೇಲೆ ಶೇಕಡಾ 4ರಷ್ಟು ಸೇರಿಸಿ ಬಡ್ಡಿ ಕೊಡಬೇಕಾಗುತ್ತದೆ. ದಿನಾಂಕವಿರುವ ಸ್ವೀಕೃತಿ ಇಲ್ಲದಿದ್ದರೆ ಅದನ್ನು ಕೇಳಲು ಆಧಾರವೇ ಇರುವುದಿಲ್ಲ.

ಕೇಳಿದವರು

ನಾಡಕಚೇರಿಗೆ ಅಜ್ಜಿಯ ಹೆಸರು ಸೇರಿಸಿ ಹೊಸ ಅರ್ಜಿ ಕೊಡುತ್ತೇನೆ. ಮರಣ ಪ್ರಮಾಣಪತ್ರವನ್ನು ಈಗ ತೆಗೆದು ನೋಡಿದೆ, ಹೆಸರು ಪಾಸ್‌ಬುಕ್ಕಿನಂತೆಯೇ ಇದೆ, ಆದರೆ ಅಜ್ಜನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿದೆ. ಸಹಕಾರಿ ಬ್ಯಾಂಕಿನ ಐದೂವರೆ ಲಕ್ಷದ ವಿಷಯ ಏನಾಗುತ್ತದೆ? 5 ಲಕ್ಷದ ಮಿತಿ ದಾಟಿದೆಯಲ್ಲ.

ಹೊಸನಗರದಿಂದ ಒಬ್ಬರು

ನಮ್ಮೂರಿನ ಸೊಸೈಟಿಯಲ್ಲಿ ಇಷ್ಟೊಂದು ಕಾಗದ ಕೇಳಲಿಲ್ಲ, ಕಾರ್ಯದರ್ಶಿಗೆ ಎಲ್ಲರ ಪರಿಚಯವಿತ್ತು. ಅಲ್ಲಿಯೇ ಕೇಳಿ ನೋಡಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಬ್ಯಾಂಕಲ್ಲ. ಅದು ತನ್ನ ಬೈಲಾ ಪ್ರಕಾರ ನಡೆಯುತ್ತದೆ, ರಿಸರ್ವ್ ಬ್ಯಾಂಕಿನ ಈ ನಿರ್ದೇಶನ ಅದಕ್ಕೆ ಅನ್ವಯಿಸುವುದಿಲ್ಲ. ನಿಮ್ಮದು ಸಹಕಾರಿ ಬ್ಯಾಂಕೇ ಆಗಿದ್ದರೆ, ಆ ಬ್ಯಾಂಕಿನ ಆಡಳಿತ ಮಂಡಳಿ ಮಿತಿಯನ್ನು 5 ಲಕ್ಷಕ್ಕಿಂತ ಮೇಲೆ ನಿಗದಿ ಮಾಡಿದೆಯೇ ಎಂದು ಲಿಖಿತವಾಗಿ ಕೇಳಿ. ಮಾಡಿದ್ದರೆ ಅದೇ ಸರಳ ವಿಧಾನ. ಮಾಡದಿದ್ದರೂ ನ್ಯಾಯಾಲಯವೊಂದೇ ದಾರಿಯಲ್ಲ, ಕಂದಾಯ ಇಲಾಖೆಯ ಪ್ರಮಾಣಪತ್ರದ ಆಧಾರದ ಮೇಲೆ ಇತ್ಯರ್ಥ ಮಾಡಲು ಅವಕಾಶವಿದೆ, ಆಗ ಜಾಮೀನುದಾರರನ್ನು ಕೇಳಬಹುದು. ಬದುಕುಳಿದ ಸದಸ್ಯರ ಪತ್ರವೊಂದನ್ನೇ ಅವರು ಒಪ್ಪುತ್ತಾರೆಯೇ, ವಂಶವೃಕ್ಷವನ್ನೂ ಕೇಳುತ್ತಾರೆಯೇ ಎಂಬುದು ಶಾಖೆಯಿಂದ ಶಾಖೆಗೆ ಬೇರೆಯಾಗಿರುವುದನ್ನು ಕಂಡಿದ್ದೇನೆ. ನಾಡಕಚೇರಿಗೆ ಹೋಗುವ ಮೊದಲೇ ಎರಡೂ ಬ್ಯಾಂಕುಗಳಲ್ಲಿ ವಿಚಾರಿಸಿಕೊಳ್ಳಿ. ಅಜ್ಜನ ಹೆಸರಿನ ಹೆಚ್ಚುವರಿ ಅಕ್ಷರವನ್ನೂ ಆಗಲೇ ತೋರಿಸಿ. ಅಫಿಡವಿಟ್ ಸಾಕೆಂದರೆ ಉಡುಪಿಗೆ ಹೋಗುವುದು ತಪ್ಪುತ್ತದೆ.