ಪದಚರ್ಚೆ: ಬ್ಯಾಂಕ್ ತಾಳೆಯಲ್ಲಿ ಜೋಡಿ ಸಿಗದೆ ಉಳಿದ ನಮೂದಿಗೆ ‘ಬಾಕಿ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಲೆಕ್ಕದ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಬ್ಯಾಂಕ್ ಸ್ಟೇಟ್‌ಮೆಂಟನ್ನೂ ನಮ್ಮ ಲೆಡ್ಜರನ್ನೂ ಎದುರುಬದುರು ಇಟ್ಟು ಟಿಕ್ ಹಾಕುತ್ತಾ ಹೋದರೆ ಕೊನೆಗೆ ಎರಡೂ ಕಡೆ ಒಂದಷ್ಟು ನಮೂದು ಉಳಿಯುತ್ತವಲ್ಲ, ಆ ‘ಅನ್‌ಮ್ಯಾಚ್ಡ್’ ಪಟ್ಟಿಗೆ ‘ಬಾಕಿ ವ್ಯವಹಾರಗಳು’ ಎಂದು ಹಾಕಿದ್ದೆವು. ಬಳಸಿ ನೋಡಿದವರು ಬರಬೇಕಾದ ಹಣ ಎಂದು ಓದಿಕೊಂಡರು. ‘ಹೊಂದಾಣಿಕೆಯಾಗದ’ ಎಂದರೆ ಸರಿಯೇ?
— ರಾ.

ರಾ. ಅವರೇ, ‘ಹೊಂದಾಣಿಕೆ’ ಬೇಡ. ವರ್ಷದ ಕೊನೆಯಲ್ಲಿ ಹಾಕುವ ಹೊಂದಾಣಿಕೆ ನಮೂದುಗಳಿಗೆ ಆ ಮಾತು ಆಗಲೇ ಮೀಸಲಾಗಿದೆ. ‘ತಾಳೆಯಾಗದ’ ಎನ್ನಿ. ಅಥವಾ ನೇರವಾಗಿ ‘ತಪ್ಪು ನಮೂದು’ ಎಂದರೂ ನಡೆದೀತು, ಅಲ್ಲಿ ಉಳಿಯುವುದೆಲ್ಲ ತಪ್ಪುಗಳೇ ತಾನೆ. ಎರಡು ಶಿಲ್ಕುಗಳ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ: ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿದೆ, ಉಳಿದರೆ ಆಗಿಲ್ಲ.
— ಕೆ.ಎಸ್.

ಕೆ.ಎಸ್. ಅವರ ‘ತಾಳೆ’ಗೆ ನನ್ನ ಒಪ್ಪಿಗೆಯಿದೆ, ‘ತಪ್ಪು’ ಎಂಬುದಕ್ಕೆ ಖಂಡಿತ ಇಲ್ಲ. ಒಂದು ಲೆಕ್ಕ ಹಾಕೋಣ. ತಿಂಗಳ ಕೊನೆಗೆ ಲೆಡ್ಜರಿನಲ್ಲಿ ಶಿಲ್ಕು 60,000, ಸ್ಟೇಟ್‌ಮೆಂಟಿನಲ್ಲಿ 66,370. ವ್ಯತ್ಯಾಸ 6,370. ಟಿಕ್ ಬಿದ್ದದ್ದನ್ನೆಲ್ಲ ಬಿಟ್ಟರೆ ಉಳಿದದ್ದು ಇಷ್ಟು. ನಾವು ಬರೆದುಕೊಟ್ಟ 7,500ರ ಚೆಕ್ಕನ್ನು ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಕೊನೆಯ ದಿನ ನಾವು ಕಟ್ಟಿದ 4,000 ಬ್ಯಾಂಕಿನಲ್ಲಿ ಜಮೆಯಾಗುವುದು ಮರುದಿನ. ಇವೆರಡೂ ತಪ್ಪಲ್ಲ, ಲೆಡ್ಜರಿನಲ್ಲಿ ಮುಟ್ಟುವಂತೆಯೂ ಇಲ್ಲ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಂದವೇ ಎಂದು ನೋಡಿಕೊಂಡರಾಯಿತು. 66,370ರಿಂದ 7,500 ಕಳೆದು 4,000 ಕೂಡಿಸಿದರೆ 62,870. ಬ್ಯಾಂಕಿನ ಕಡೆ ಮುಗಿಯಿತು.

ಇನ್ನು ನಮ್ಮ ಕಡೆ. ಬ್ಯಾಂಕು ಮುರಿದುಕೊಂಡ ಶುಲ್ಕ 150, ಗಿರಾಕಿಯೊಬ್ಬರು ನೇರವಾಗಿ ಖಾತೆಗೆ ಹಾಕಿದ 3,200. ಇವು ಸ್ಟೇಟ್‌ಮೆಂಟ್ ನೋಡುವತನಕ ನಮಗೆ ಗೊತ್ತಾಗುವುದೇ ಇಲ್ಲ, ಈಗ ಲೆಡ್ಜರಿಗೆ ಬರೆಯಬೇಕು. ಆಗ ಅಲ್ಲಿ 63,050. ಇನ್ನೂ 180 ಹೆಚ್ಚು. 9ರ ಪರೀಕ್ಷೆಗೆ ಬೆಲೆ ಬರುವುದು ಈಗ: 180 ನಿಶ್ಶೇಷವಾಗಿ ಭಾಗವಾಗುತ್ತದೆ. ಹುಡುಕಿದರೆ 5,640ರ ಪಾವತಿಯನ್ನು 5,460 ಎಂದು ಬರೆದಿದೆ. ಮೊದಲೇ 6,370ನ್ನು ಭಾಗಿಸಿದ್ದರೆ ಶೇಷ 7 ಉಳಿದು, ಅದಲುಬದಲು ಇಲ್ಲವೆಂದೇ ಕೈಬಿಡುತ್ತಿದ್ದಿರಿ. ಹಲವು ಕಾರಣ ಬೆರೆತ ಮೊತ್ತದ ಮೇಲೆ ಈ ಪರೀಕ್ಷೆ ಏನೂ ಹೇಳದು. ಶೇಷ ಉಳಿಯದಿದ್ದರೂ ಅದು ಅನುಮಾನವಷ್ಟೇ: 90ರ ನಮೂದೊಂದು ಬಿಟ್ಟುಹೋಗಿದ್ದರೂ ಹಾಗೆಯೇ ಕಾಣುತ್ತದೆ.

ಹಾಗಾಗಿ ಪಟ್ಟಿಯ ತಲೆಬರಹ ಕಾರಣವನ್ನು ಹೇಳಬಾರದು. ‘ಜೋಡಿ ಸಿಗದ ನಮೂದುಗಳು’ ಎಂದಿಡಿ. ಕಾರಣ ಪಕ್ಕದ ಕಾಲಮ್ಮಿನಲ್ಲಿರಲಿ.
— ವಿ.

ತಾಳೆಪಟ್ಟಿಯ ಎರಡು ಬದಿ ಕೂಡದಿದ್ದರೆ ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುವುದು ರೂಢಿ. ಅದನ್ನೇ ‘ಅನಾಮತು’ ಎಂದು ಕರೆಯಬಹುದಲ್ಲ?
— ಮ.

ಮ. ಅವರೇ, ನೀವು ಹೇಳುತ್ತಿರುವುದು ಟ್ರಯಲ್ ಬ್ಯಾಲೆನ್ಸ್ ವಿಚಾರ. ಇಲ್ಲಿ ಬ್ಯಾಂಕಿನ ಕಾಗದಕ್ಕೂ ನಮ್ಮ ಪುಸ್ತಕಕ್ಕೂ ನಡುವಿನ ಮಾತು. ಆದರೂ ನೀವು ಬರೆದದ್ದು ಒಳ್ಳೆಯದಾಯಿತು: ‘ತಾಳೆಪಟ್ಟಿ’ ಎಂದರೆ ಜನ ಟ್ರಯಲ್ ಬ್ಯಾಲೆನ್ಸ್ ಎಂದೇ ತಿಳಿಯುತ್ತಾರೆ. ‘ಬ್ಯಾಂಕ್ ತಾಳೆ’ ಎಂದು ಬಿಡಿಸಿ ಹೇಳಲೇಬೇಕು.
— ಕೆ.ಎಸ್. (9ರ ವಿಷಯದಲ್ಲಿ ವಿ. ಹೇಳಿದ್ದೇ ಸರಿ.)

ನನ್ನ ತೊಡಕು ಬೇರೆ. ಲೆಡ್ಜರಿನಲ್ಲಿ 5,000, 4,500, 3,000 ಎಂದು ಮೂರು ರಸೀದಿ. ಒಟ್ಟಿಗೆ ಕಟ್ಟಿದ್ದರಿಂದ ಬ್ಯಾಂಕಿನಲ್ಲಿ 12,500ರ ಒಂದೇ ಸಾಲು. ತಂತ್ರಾಂಶ ನಾಲ್ಕನ್ನೂ ಜೋಡಿ ಇಲ್ಲವೆಂದು ಒಗೆಯುತ್ತದೆ. ಮೂರಕ್ಕೊಂದು ಸೇರಿದರೆ ಅದು ಜೋಡಿಯೇ?
— ಶಾ.

ಶಾ. ಮೇಡಂ, ಮೂರನ್ನೂ ಒಟ್ಟಿಗೆ ಆರಿಸಿ ಆ ಒಂದು ಸಾಲಿಗೆ ಕಟ್ಟುವ ಸೌಲಭ್ಯ ಇರಬೇಕು. ಇಲ್ಲದಿದ್ದರೆ ಹಣ ಕಟ್ಟಿದ ಚಲನ್ ಸಂಖ್ಯೆಯನ್ನು ಮೂರು ರಸೀದಿಗೂ ಬರೆದಿಟ್ಟು ಅದರಿಂದ ಒಟ್ಟುಮಾಡಿ. ಬರೀ ಮೊತ್ತ ನೋಡಿ ಕಟ್ಟಲು ಹೋಗಬೇಡಿ. ಒಂದೇ ತಿಂಗಳಲ್ಲಿ 2,000ದ ಎರಡು ಪಾವತಿ ಇದ್ದರೆ ಒಂದರದ್ದು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಶಿಲ್ಕು ಸರಿಯಾಗಿಯೇ ಇರುತ್ತದೆ, ನಗದಾಗದ ಚೆಕ್ಕು ಯಾವುದೆಂಬುದು ಮಾತ್ರ ತಪ್ಪಾಗಿ ಉಳಿಯುತ್ತದೆ. ಮೊತ್ತದ ಜೊತೆ ಚೆಕ್ ಸಂಖ್ಯೆಯೋ ಉಲ್ಲೇಖ ಸಂಖ್ಯೆಯೋ ಕೂಡಬೇಕು. ಪದದ ಮಟ್ಟಿಗೆ, ಮೂರಕ್ಕೊಂದನ್ನು ‘ಜೋಡಿ’ ಎನ್ನಲು ನನಗೂ ನಾಲಿಗೆ ಏಳದು.
— ವಿ.

ಹಾಗಿದ್ದರೆ ಸದ್ಯಕ್ಕೆ ‘ತಾಳೆಯಾಗದ ನಮೂದುಗಳು’ ಎಂದು ಹಾಕಿ, ಪಕ್ಕದಲ್ಲಿ ‘ಬ್ಯಾಂಕಿನಲ್ಲಿ ಮಾತ್ರ’, ‘ಪುಸ್ತಕದಲ್ಲಿ ಮಾತ್ರ’ ಎಂದು ಎರಡು ಭಾಗ ಮಾಡುತ್ತೇವೆ. ವಿ. ಅವರ 5,640 ಎರಡೂ ಕಡೆ ಇದೆ, ಮೊತ್ತ ಮಾತ್ರ ಬೇರೆ. ಅದನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.
— ರಾ.